ಮನೆಯಲ್ಲಿ ತಯಾರಿಸುವ ಮೈಸಾಬೂನು: ಕ್ಷಾರದ ಲೆಕ್ಕ, ಚರ್ಮದ ಸುರಕ್ಷತೆ ಮತ್ತು ಮಾರಾಟದ ಚೀಟಿ

(ಬೀದರ್, ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ಸ್ವಸಹಾಯ ಸಂಘಗಳಿಗೆ ಹಾಗೂ ವಿಸ್ತರಣಾ ಕಾರ್ಯಕರ್ತರಿಗೆ)

ಹಲಬರ್ಗಾ ಮತ್ತು ಸುತ್ತಲಿನ ಗ್ರಾಮಗಳಲ್ಲಿ ಮನೆಯಲ್ಲಿಯೇ ಮೈಸಾಬೂನು ತಯಾರಿಸಿ ಮೊದಲು ನೆಂಟರಿಷ್ಟರಿಗೆ, ಅನಂತರ ಭಾಲ್ಕಿ ಅಥವಾ ಬೀದರ್ ಪೇಟೆಯ ಅಂಗಡಿಗಳಿಗೆ ಕೊಡಬಯಸುವ ಮಹಿಳಾ ಸಂಘಗಳು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಸುವಾಸನೆ, ಬಣ್ಣ ಮತ್ತು ಅಚ್ಚಿನ ಕುರಿತಾಗಿರುತ್ತದೆ. ಬಳಸುವವರ ಚರ್ಮಕ್ಕೆ ಹಾನಿ ಆಗುವುದು ಅಥವಾ ಆಗದಿರುವುದು ಮಾತ್ರ ಬೇರೊಂದು ಸಂಗತಿಯಿಂದ ನಿರ್ಧಾರವಾಗುತ್ತದೆ. ಆ ಸಂಗತಿ, ಎಣ್ಣೆಗೆ ಸೇರಿಸಿದ ಕಾಸ್ಟಿಕ್ ಸೋಡಾದ ತೂಕ. ಈ ಲೇಖನದಲ್ಲಿ ಆ ತೂಕದ ಲೆಕ್ಕವನ್ನು ವಿವರವಾಗಿಯೂ, ಅದನ್ನು ಅನುಸರಿಸಿ ಬರುವ ಪರೀಕ್ಷೆ, ಚೀಟಿ ಮತ್ತು ಪರವಾನಗಿಯ ವಿಷಯಗಳನ್ನು ಅಗತ್ಯವಿರುವಷ್ಟೂ ತಿಳಿಸಲಾಗಿದೆ.

ಸ್ಥಳೀಯ ಎಣ್ಣೆ ಬಳಸುವಾಗ ಆಗುವ ತಪ್ಪು

ಸಾಬೂನು ಎಂದರೆ ಎಣ್ಣೆ ಮತ್ತು ಕ್ಷಾರ ಸೇರಿ ಆಗುವ ಹೊಸ ವಸ್ತು. ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಎಣ್ಣೆಯನ್ನು ಒಡೆದು ಸಾಬೂನು ಮತ್ತು ಗ್ಲಿಸರಿನ್ ಆಗಿ ಮಾರ್ಪಡಿಸುತ್ತದೆ. ಲೆಕ್ಕ ಸರಿಯಾಗಿದ್ದರೆ ಕೊನೆಯಲ್ಲಿ ಕಾಸ್ಟಿಕ್ ಉಳಿಯುವುದಿಲ್ಲ. ಎಣ್ಣೆ ಕಡಿಮೆಯಾಗಿ ಕಾಸ್ಟಿಕ್ ಹೆಚ್ಚಾದರೆ ಹೆಚ್ಚಾದ ಭಾಗವು ಬಿಲ್ಲೆಯೊಳಗೆ ಹಾಗೆಯೇ ಉಳಿದು, ಸ್ನಾನದ ವೇಳೆ ನೀರಿನಲ್ಲಿ ಕರಗಿ ಚರ್ಮಕ್ಕೆ ತಗಲುತ್ತದೆ.

ಎಲ್ಲ ಎಣ್ಣೆಗಳಿಗೂ ಬೇಕಾಗುವ ಕಾಸ್ಟಿಕ್ ಒಂದೇ ಪ್ರಮಾಣದಲ್ಲಿರುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಕೈಬರಹದಲ್ಲಿ, ಕರಪತ್ರಗಳಲ್ಲಿ ಅಥವಾ ತರಬೇತಿಗಳಲ್ಲಿ ದೊರೆಯುವ ಹೆಚ್ಚಿನ ಸೂತ್ರಗಳು ಕೊಬ್ಬರಿ ಎಣ್ಣೆಯನ್ನು ಆಧರಿಸಿವೆ. ಅವು ತೆಂಗು ಬೆಳೆಯುವ ಪ್ರದೇಶಗಳಿಂದ ಬಂದವು. ಬೀದರ್ ಜಿಲ್ಲೆಯಲ್ಲಿ ಕೊಬ್ಬರಿ ಎಣ್ಣೆ ಹೊರಗಿನಿಂದ ಬರಬೇಕು, ಬೆಲೆಯೂ ಹೆಚ್ಚು. ಸೋಯಾಬೀನ್, ಕುಸುಬೆ ಮತ್ತು ಶೇಂಗಾ ಎಣ್ಣೆಗಳು ಕೈಗೆಟುಕುವಂತಿವೆ. ಆದ್ದರಿಂದ ಸೂತ್ರದಲ್ಲಿನ ಕೊಬ್ಬರಿ ಎಣ್ಣೆಯ ಅರ್ಧ ಭಾಗವನ್ನು ತೆಗೆದು ಕುಸುಬೆ ಎಣ್ಣೆ ಹಾಕುವುದು ಸಹಜವಾಗಿ ಹೊಳೆಯುವ ಉಪಾಯ. ಕಾಸ್ಟಿಕ್ ಸೋಡಾದ ತೂಕವನ್ನು ಬದಲಿಸದೆ ಹೀಗೆ ಮಾಡಿದರೆ ಸಾಬೂನು ಸುಡುತ್ತದೆ.

ಒಂದು ಗ್ರಾಂ ಎಣ್ಣೆಯನ್ನು ಪೂರ್ತಿಯಾಗಿ ಸಾಬೂನಾಗಿಸಲು ಬೇಕಾಗುವ ಕಾಸ್ಟಿಕ್ ಸೋಡಾದ ಸರಾಸರಿ ತೂಕ ಹೀಗಿದೆ:

ಕೊಬ್ಬರಿ ಎಣ್ಣೆ: 0.183 ಗ್ರಾಂ
ಪಾಮ್ ಎಣ್ಣೆ: 0.142 ಗ್ರಾಂ
ಬೇವಿನ ಎಣ್ಣೆ: 0.139 ಗ್ರಾಂ
ಶೇಂಗಾ, ಕುಸುಬೆ, ಸೋಯಾಬೀನ್ ಎಣ್ಣೆ: 0.136 ಗ್ರಾಂ
ಎಳ್ಳೆಣ್ಣೆ: 0.134 ಗ್ರಾಂ
ಔಡಲೆಣ್ಣೆ: 0.128 ಗ್ರಾಂ

ಕೊಬ್ಬರಿ ಎಣ್ಣೆ ಉಳಿದವುಗಳಿಗಿಂತ ಬಹಳ ಮೇಲಿರುವುದನ್ನು ಗಮನಿಸಬೇಕು. ಶೇಂಗಾ ಎಣ್ಣೆಯ ಬದಲು ಕುಸುಬೆ ಎಣ್ಣೆ ಬಳಸಿದರೆ ಲೆಕ್ಕ ಕೆಡುವುದಿಲ್ಲ. ಕೊಬ್ಬರಿ ಎಣ್ಣೆಯ ಬದಲು ಯಾವುದನ್ನು ಬಳಸಿದರೂ ಲೆಕ್ಕ ಕೆಡುತ್ತದೆ.

ಒಂದು ಉದಾಹರಣೆ ನೋಡೋಣ. ಸೂತ್ರವೊಂದು 1 ಕಿಲೋ ಕೊಬ್ಬರಿ ಎಣ್ಣೆಗೆ 174 ಗ್ರಾಂ ಕಾಸ್ಟಿಕ್ ಸೋಡಾ ಹೇಳುತ್ತದೆ. ಪೂರ್ತಿ ಲೆಕ್ಕಕ್ಕೆ 183 ಗ್ರಾಂ ಬೇಕು, ಸುರಕ್ಷತೆಗಾಗಿ ಶೇ. 5ರಷ್ಟನ್ನು ಕಡಿಮೆ ಮಾಡಲಾಗಿದೆ. ಸೂತ್ರ ಸರಿಯಾಗಿಯೇ ಇದೆ. ಈಗ ಸಂಘದವರು 500 ಗ್ರಾಂ ಕೊಬ್ಬರಿ ಎಣ್ಣೆ ಮತ್ತು 500 ಗ್ರಾಂ ಕುಸುಬೆ ಎಣ್ಣೆ ತೆಗೆದುಕೊಂಡರು, ಕಾಸ್ಟಿಕ್ ಮಾತ್ರ 174 ಗ್ರಾಂ ಇಟ್ಟರು ಎಂದುಕೊಳ್ಳೋಣ. ಕೊಬ್ಬರಿ ಎಣ್ಣೆಗೆ 91.5 ಗ್ರಾಂ, ಕುಸುಬೆ ಎಣ್ಣೆಗೆ 68 ಗ್ರಾಂ, ಒಟ್ಟು 159.5 ಗ್ರಾಂ ಮಾತ್ರ ಬಳಕೆಯಾಗುತ್ತದೆ. 14.5 ಗ್ರಾಂ ಕಾಸ್ಟಿಕ್ ಬಿಲ್ಲೆಗಳಲ್ಲಿ ಉಳಿಯುತ್ತದೆ. ನೀರು ಸೇರಿ ಸುಮಾರು ಒಂದೂವರೆ ಕಿಲೋ ಆಗುವ ಆ ಮಿಶ್ರಣದಲ್ಲಿ ಇದು ಶೇ. 1ರ ಸಮೀಪ. ಮೈಸಾಬೂನಿಗೆ ಭಾರತೀಯ ಮಾನಕ ಐಎಸ್ 2888 ಒಪ್ಪುವ ಮುಕ್ತ ಕಾಸ್ಟಿಕ್‌ನ ಮಿತಿ ಶೇ. 0.05. ಅಂದರೆ ಮಿತಿಯ ಸುಮಾರು ಇಪ್ಪತ್ತು ಪಟ್ಟು. ಇಂತಹ ಬಿಲ್ಲೆ ನೋಡಲು ಬೆಳ್ಳಗೆ, ಗಟ್ಟಿಯಾಗಿ, ಒಳ್ಳೆಯ ನೊರೆ ಕೊಡುವಂತಿರುತ್ತದೆ. ನೋಟದಿಂದ ಅನುಮಾನ ಬರುವುದಿಲ್ಲ. ಬಳಸಿದವರಿಗೆ ಮೊದಲು ಚರ್ಮ ಬಿಗಿಯುತ್ತದೆ, ಅನಂತರ ಉರಿ, ಕೆಂಪು, ಮಡಿಕೆಗಳಲ್ಲಿ ಸಿಪ್ಪೆ ಏಳುವುದು ಕಾಣುತ್ತದೆ. ಮಕ್ಕಳಲ್ಲಿಯೂ ವೃದ್ಧರಲ್ಲಿಯೂ ಇದು ಬೇಗ ಕಾಣಿಸುತ್ತದೆ.

ಲೀಟರ್ ಮತ್ತು ಕಿಲೋ

ಎರಡನೆಯ ಸಾಮಾನ್ಯ ತಪ್ಪು ಅಳತೆಯದು. ಕಿರಾಣಿ ಅಂಗಡಿಯಲ್ಲಿ ಎಣ್ಣೆ ಲೀಟರ್ ಪೊಟ್ಟಣದಲ್ಲಿ ಸಿಗುತ್ತದೆ. ಒಂದು ಲೀಟರ್ ಖಾದ್ಯ ಎಣ್ಣೆಯ ತೂಕ ಸುಮಾರು 910 ಗ್ರಾಂ ಮಾತ್ರ. ಪೊಟ್ಟಣದ ಮೇಲೂ ಈ ತೂಕ ಮುದ್ರಿತವಾಗಿರುವುದುಂಟು. ಲೀಟರ್ ಪೊಟ್ಟಣವನ್ನೇ ಒಂದು ಕಿಲೋ ಎಂದು ಭಾವಿಸಿ ಸುರಿದರೆ 90 ಗ್ರಾಂ ಎಣ್ಣೆ ಕಡಿಮೆಯಾಗುತ್ತದೆ. ಮೇಲೆ ಹೇಳಿದ ಶುದ್ಧ ಕೊಬ್ಬರಿ ಎಣ್ಣೆಯ ಸೂತ್ರದಲ್ಲಿ ಆಗ ಬೇಕಾಗುವ ಕಾಸ್ಟಿಕ್ ಸುಮಾರು 166.5 ಗ್ರಾಂ. ಹಾಕಿದ್ದು 174 ಗ್ರಾಂ. ಸುರಕ್ಷತೆಗಾಗಿ ಬಿಟ್ಟಿದ್ದ ಶೇ. 5 ಪೂರ್ತಿಯಾಗಿ ಕರಗಿಹೋಗಿ, ಅದರ ಮೇಲೆ 7.5 ಗ್ರಾಂ ಕಾಸ್ಟಿಕ್ ಉಳಿಯುತ್ತದೆ. ಸೂತ್ರದಲ್ಲಿಯೂ ತಪ್ಪಿಲ್ಲ, ತಕ್ಕಡಿಯಲ್ಲಿಯೂ ತಪ್ಪಿಲ್ಲ, ಆದರೂ ಸಾಬೂನು ಸುಡುತ್ತದೆ.

ಆದ್ದರಿಂದ ಎಣ್ಣೆ, ನೀರು, ಕಾಸ್ಟಿಕ್ ಈ ಮೂರನ್ನೂ ಗ್ರಾಂಗಳಲ್ಲಿಯೇ ತೂಗಬೇಕು. ಲೋಟ, ಚಮಚ, ಪಾವು, ಸೇರುಗಳ ಅಳತೆ ಸಾಬೂನಿಗೆ ಹೊಂದುವುದಿಲ್ಲ. ಒಂದು ಗ್ರಾಂ ವ್ಯತ್ಯಾಸ ತೋರಿಸುವ ವಿದ್ಯುನ್ಮಾನ ತಕ್ಕಡಿ ಸಾಕು. ಪ್ರತಿ ಬಾರಿ ತಯಾರಿಕೆಗೆ ಮೊದಲು ಅಂಗಡಿಯವರ ಮುದ್ರೆಯುಳ್ಳ ತೂಕದ ಕಲ್ಲೊಂದನ್ನು ಇಟ್ಟು ಅದು ಸರಿಯಾಗಿ ತೋರಿಸುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಬ್ಯಾಟರಿ ಇಳಿದ ತಕ್ಕಡಿ ತಪ್ಪು ತೋರಿಸುವುದನ್ನು ಹಲವರು ಬಿಲ್ಲೆ ಹಾಳಾದ ಮೇಲೆಯೇ ಕಂಡುಕೊಳ್ಳುತ್ತಾರೆ.

ಈ ಭಾಗಕ್ಕೆ ಹೊಂದುವ ಒಂದು ಮಿಶ್ರಣ

ಬರಿಯ ಕೊಬ್ಬರಿ ಎಣ್ಣೆಯ ಸಾಬೂನು ಗಟ್ಟಿಯಾಗಿರುತ್ತದೆ, ನೊರೆಯೂ ಹೆಚ್ಚು. ಆದರೆ ಚರ್ಮವನ್ನು ಒಣಗಿಸುತ್ತದೆ. ಬರಿಯ ಕುಸುಬೆ ಅಥವಾ ಸೋಯಾಬೀನ್ ಎಣ್ಣೆಯ ಸಾಬೂನು ಮೃದುವಾಗಿ, ಬೇಗ ಕರಗಿ, ಎರಡು ಮೂರು ತಿಂಗಳಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳನ್ನು ತೋರಿಸುತ್ತದೆ. ಅದು ಎಣ್ಣೆ ಹಳಸಿದ ಗುರುತು. ಕನಕಿದ ವಾಸನೆಯೂ ಬರುತ್ತದೆ. ಬೀದರ್‌ನ ಬೇಸಿಗೆಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಆದ್ದರಿಂದ ಇಂತಹ ತೆಳು ಎಣ್ಣೆಗಳನ್ನು ಒಟ್ಟು ಎಣ್ಣೆಯ ಐದರಲ್ಲಿ ಒಂದು ಭಾಗಕ್ಕೆ ಸೀಮಿತಗೊಳಿಸುವುದು ಲೇಸು. ಬೇವಿನ ಎಣ್ಣೆಯನ್ನು ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಹಾಕಿದರೆ ವಾಸನೆಯ ಕಾರಣದಿಂದ ಕೊಳ್ಳುವವರು ಹಿಂಜರಿಯುತ್ತಾರೆ.

ಒಂದು ಕಿಲೋ ಎಣ್ಣೆಗೆ: ಕೊಬ್ಬರಿ ಎಣ್ಣೆ 400 ಗ್ರಾಂ, ಪಾಮ್ ಎಣ್ಣೆ 300 ಗ್ರಾಂ, ಕುಸುಬೆ ಎಣ್ಣೆ 200 ಗ್ರಾಂ, ಬೇವಿನ ಎಣ್ಣೆ 100 ಗ್ರಾಂ. ಇವುಗಳಿಗೆ ಬೇಕಾಗುವ ಕಾಸ್ಟಿಕ್ ಕ್ರಮವಾಗಿ 73.2, 42.6, 27.2 ಮತ್ತು 13.9 ಗ್ರಾಂ, ಒಟ್ಟು 156.9 ಗ್ರಾಂ. ಇದರಲ್ಲಿ ಶೇ. 5 ಕಳೆದರೆ 149 ಗ್ರಾಂ. ನೀರು 300 ಗ್ರಾಂ. ಶೇ. 5ಕ್ಕಿಂತ ಬಹಳ ಹೆಚ್ಚು ಕಳೆದರೆ ಸುರಕ್ಷತೆ ಹೆಚ್ಚುತ್ತದೆ ಎಂದು ತಿಳಿಯಬಾರದು; ಉಳಿದ ಎಣ್ಣೆಯೇ ಮೊದಲು ಹಳಸುವುದು.

ಕಾಸ್ಟಿಕ್ ಸೋಡಾವನ್ನು ಮುಚ್ಚಿದ ಡಬ್ಬಿಯಲ್ಲಿ, ಶುದ್ಧತೆಯ ಪ್ರಮಾಣ ನಮೂದಿಸಿರುವುದನ್ನೇ ಕೊಳ್ಳಬೇಕು. ಚರಂಡಿ ಶುಚಿಗೊಳಿಸುವ ಪುಡಿಗಳಲ್ಲಿ ಬೇರೆ ಪದಾರ್ಥಗಳು ಬೆರೆತಿರುತ್ತವೆ, ಅವನ್ನು ಬಳಸಬಾರದು. ತೆರೆದಿಟ್ಟ ಕಾಸ್ಟಿಕ್ ಗಾಳಿಯಲ್ಲಿನ ತೇವ ಹೀರಿ ಶಕ್ತಿ ಕಳೆದುಕೊಳ್ಳುತ್ತದೆ. ಅಂತಹುದನ್ನು ಅಂದಾಜಿನಿಂದ ಸ್ವಲ್ಪ ಹೆಚ್ಚು ಹಾಕಿ ಸರಿದೂಗಿಸುವ ಪ್ರಯತ್ನ ಮಾಡಬಾರದು. ಹೊಸ ಡಬ್ಬಿ ತರಬೇಕು. ನೀರಿಗೆ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು ಉತ್ತಮ. ಸುಣ್ಣದಂಶ ಹೆಚ್ಚಿರುವ ಬೋರ್‌ವೆಲ್ ನೀರು ಸಾಬೂನಿನೊಡನೆ ಸೇರಿ ಗಸಿಯಾಗುತ್ತದೆ, ಕಬ್ಬಿಣದಂಶವಿದ್ದರೆ ಎಣ್ಣೆ ಬೇಗ ಹಳಸುತ್ತದೆ.

ತಯಾರಿಕೆಯ ಕ್ರಮ

ಗಾಳಿಯಾಡುವ ಜಾಗದಲ್ಲಿ, ಮಕ್ಕಳು ಮತ್ತು ಜಾನುವಾರು ಬಾರದಂತೆ ನೋಡಿಕೊಂಡು ಕೆಲಸ ಆರಂಭಿಸಬೇಕು. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ತೋಳು ಮುಚ್ಚುವ ಬಟ್ಟೆ ಅವಶ್ಯ. ಪಾತ್ರೆ ಸ್ಟೀಲಿನದು ಅಥವಾ ದಪ್ಪ ಪ್ಲಾಸ್ಟಿಕ್‌ನದಾಗಿರಬೇಕು. ಜರ್ಮನ್ ಪಾತ್ರೆ ಎಂದು ಕರೆಯುವ ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿಂದುಹಾಕುತ್ತದೆ. ಆಗ ಹೊತ್ತಿಕೊಳ್ಳುವ ಜಲಜನಕ ಅನಿಲ ಹೊರಬರುತ್ತದೆ. ನೀರಿಗೆ ಕಾಸ್ಟಿಕ್ ಅನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕದಡಬೇಕು. ಕಾಸ್ಟಿಕ್ ಮೇಲೆ ನೀರು ಸುರಿದರೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ಸರಿಯಾದ ಕ್ರಮದಲ್ಲಿ ಮಾಡಿದರೂ ದ್ರಾವಣ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಕೆಲವು ನಿಮಿಷ ಘಾಟು ಹಬೆ ಬರುತ್ತದೆ. ಮುಖ ಹಿಂದೆ ಇಟ್ಟು, ತಣಿಯಲು ಬಿಡಬೇಕು.

ದ್ರಾವಣವೂ ಎಣ್ಣೆಯೂ 40ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ದ್ರಾವಣವನ್ನು ಎಣ್ಣೆಗೆ ನಿಧಾನವಾಗಿ ಸುರಿಯುತ್ತ ಕಡೆಯಬೇಕು. ಮಿಶ್ರಣವನ್ನು ಸೌಟಿನಿಂದ ಮೇಲಿನಿಂದ ಬಿಟ್ಟಾಗ ಅದರ ಗೆರೆ ಮೇಲ್ಮೈಯಲ್ಲಿ ಕ್ಷಣಕಾಲ ನಿಲ್ಲುವಂತಾದರೆ ಹದ ಬಂದಂತೆ. ಈ ಹದ ಬರುವ ಮೊದಲೇ ಅಚ್ಚಿಗೆ ಸುರಿದರೆ ಎಣ್ಣೆ ಮೇಲೆ ತೇಲಿ, ಕಾಸ್ಟಿಕ್ ಕೆಳಗೆ ಸೇರುತ್ತದೆ. ಆಗ ಒಂದೇ ತಯಾರಿಕೆಯಲ್ಲಿ ಒಂದು ಬಿಲ್ಲೆ ಜಿಡ್ಡಾಗಿಯೂ ಇನ್ನೊಂದು ಸುಡುವಂತೆಯೂ ಆಗುತ್ತದೆ. ಲೆಕ್ಕ ಸರಿಯಿದ್ದೂ ದೂರು ಬರುವುದು ಹೀಗೆ.

ಸುವಾಸನೆಯ ಎಣ್ಣೆಯನ್ನು ಹದ ಬಂದ ಮೇಲೆ ಸೇರಿಸಬೇಕು. ಒಂದು ಕಿಲೋ ಎಣ್ಣೆಗೆ 10 ಗ್ರಾಂ ಸಾಕು. ನಿಂಬೆಹುಲ್ಲು, ದಾಲ್ಚಿನ್ನಿ, ಲವಂಗದ ತೈಲಗಳು ಸ್ವಾಭಾವಿಕವಾದರೂ ಅಲರ್ಜಿ ಉಂಟುಮಾಡಬಲ್ಲವು. ಸುವಾಸನೆ ಮಂದವಾಯಿತೆಂದು ಇವನ್ನು ಇಮ್ಮಡಿ ಮಾಡಬಾರದು. ಬಣ್ಣಕ್ಕೆ ಅರಿಶಿನದಂತಹ ಪದಾರ್ಥ ಅಥವಾ ಕಾಂತಿವರ್ಧಕಗಳಿಗೆ ಅನುಮತಿಸಿದ ಬಣ್ಣವನ್ನು ಮಾತ್ರ ಬಳಸಬೇಕು. ರಂಗೋಲಿ ಪುಡಿ, ಹೋಳಿ ಬಣ್ಣ, ಬಟ್ಟೆಯ ಬಣ್ಣ ಸಲ್ಲವು.

ಒಂದು ದಿನದ ನಂತರ ಅಚ್ಚಿನಿಂದ ತೆಗೆದು ಕತ್ತರಿಸಿ, ಬಿಲ್ಲೆಗಳ ನಡುವೆ ಗಾಳಿಯಾಡುವಂತೆ ಜಾಲರಿಯ ಮೇಲೆ ನೆರಳಿನಲ್ಲಿ ನಾಲ್ಕರಿಂದ ಆರು ವಾರ ಮಾಗಿಸಬೇಕು. ರಾಸಾಯನಿಕ ಕ್ರಿಯೆ ಬಹುಪಾಲು ಮೊದಲ ಎರಡು ದಿನಗಳಲ್ಲಿ ಮುಗಿಯುತ್ತದೆ. ಮುಂದಿನ ವಾರಗಳು ನೀರು ಆರಿ ಬಿಲ್ಲೆ ಗಟ್ಟಿಯಾಗಲು. ಹೆಚ್ಚು ದಿನ ಇಟ್ಟರೆ ಹೆಚ್ಚುವರಿ ಕಾಸ್ಟಿಕ್ ತಾನಾಗಿ ಹೋಗಿಬಿಡುತ್ತದೆ ಎಂಬ ನಂಬಿಕೆ ಪ್ರಚಲಿತವಾಗಿದೆ. ಮೇಲ್ಮೈಯ ಕಾಸ್ಟಿಕ್ ಗಾಳಿಯೊಡನೆ ಸೇರಿ ತೊಳೆಯುವ ಸೋಡಾ ಆಗುವುದು ನಿಜ, ಆದರೆ ಅದೂ ಚರ್ಮಕ್ಕೆ ಒರಟೇ, ಮತ್ತು ಒಳಗಿನದು ಒಳಗೇ ಇರುತ್ತದೆ. ಮಳೆಗಾಲದಲ್ಲಿ ಬಿಲ್ಲೆಗಳ ಮೇಲೆ ಹನಿ ಕಟ್ಟಿದರೆ ಗಾಬರಿ ಬೇಡ, ಗ್ಲಿಸರಿನ್ ತೇವ ಹೀರಿದ ಪರಿಣಾಮ ಅದು. ಮಾಗಲು ಒಂದೆರಡು ವಾರ ಹೆಚ್ಚು ಕೊಟ್ಟರೆ ಸಾಕು.

ಕಾಸ್ಟಿಕ್ ಚರ್ಮಕ್ಕೆ ಸಿಡಿದರೆ ಕೂಡಲೇ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಬೇಕು. ನಿಂಬೆರಸ, ಹುಣಸೆಹುಳಿ, ವಿನೆಗರ್ ಹಚ್ಚಬಾರದು. ಕಣ್ಣಿಗೆ ಬಿದ್ದರೆ ರೆಪ್ಪೆ ತೆರೆದು ಅಷ್ಟೇ ಹೊತ್ತು ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಗು ನುಂಗಿದ್ದರೆ ವಾಂತಿ ಮಾಡಿಸಬಾರದು, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಕಾಸ್ಟಿಕ್ ದ್ರಾವಣವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು.

ಮಾರುವ ಮೊದಲು ಪರೀಕ್ಷೆ

ಬಿಲ್ಲೆಯನ್ನು ಮಧ್ಯಕ್ಕೆ ಕತ್ತರಿಸಿ ನೋಡುವುದರಿಂದ ಪರೀಕ್ಷೆ ಆರಂಭವಾಗುತ್ತದೆ. ಮೇಲ್ಭಾಗದಲ್ಲಿ ಮಾತ್ರ ತೆಳುವಾದ ಬಿಳಿ ಬೂದಿ ಕಂಡರೆ ಅದು ಗಾಳಿಯ ಸಂಪರ್ಕದಿಂದ ಆದದ್ದು, ಒರೆಸಿ ತೆಗೆಯಬಹುದು. ಒಳಗೆ ಬಿಳಿಯ ಕಾಳುಗಳು, ದ್ರವ ತುಂಬಿದ ಗುಳಿಗಳು ಅಥವಾ ಸೀಮೆಸುಣ್ಣದಂತೆ ಪುಡಿಯಾಗುವ ಗುಣ ಕಂಡರೆ ಕಾಸ್ಟಿಕ್ ಉಳಿದಿದೆ ಎಂದು ತಿಳಿಯಬೇಕು. ನಾಲಿಗೆಯ ತುದಿಗೆ ಮುಟ್ಟಿಸಿ ನೋಡುವ ಪದ್ಧತಿಯನ್ನು ಈ ಲೇಖನ ಒಪ್ಪುವುದಿಲ್ಲ.

ಮುಂದಿನದು ರಸಸಾರ, ಅಂದರೆ ಪಿಎಚ್ ಪರೀಕ್ಷೆ. ಒಂದು ಗ್ರಾಂ ಸಾಬೂನಿನ ತುರಿಯನ್ನು 100 ಮಿಲಿಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಪಿಎಚ್ ಕಾಗದವನ್ನು ಅದ್ದಬೇಕು. ಸರಿಯಾದ ಸಾಬೂನಿನಲ್ಲಿ 9ರಿಂದ 10ರವರೆಗೆ ಕಾಣುತ್ತದೆ. ಸಾಬೂನು ಸ್ವಭಾವತಃ ಕ್ಷಾರೀಯ, 7ಕ್ಕೆ ಬರುವುದಿಲ್ಲ. 10.5 ದಾಟಿದರೆ ಆ ತಯಾರಿಕೆಯನ್ನು ಮಾರಬಾರದು.

ಕಾಗದದ ಪರೀಕ್ಷೆ ಸ್ಥೂಲವಾದದ್ದು. ಹೆಚ್ಚು ಖಚಿತವಾದ ವಿಧಾನ ಫಿನಾಲ್ಫ್ತಲೀನ್ ಪರೀಕ್ಷೆ. ಸ್ಪಿರಿಟ್‌ನಲ್ಲಿ ಸಾಬೂನಿನ ತುರಿಯನ್ನು ಕರಗಿಸಿ ಒಂದೆರಡು ಹನಿ ಫಿನಾಲ್ಫ್ತಲೀನ್ ಹಾಕಿದಾಗ ಗುಲಾಬಿ ಬಣ್ಣ ಬಂದರೆ ಮುಕ್ತ ಕಾಸ್ಟಿಕ್ ಇದೆ, ಬಣ್ಣ ಬಾರದಿದ್ದರೆ ಇಲ್ಲ. ನೀರಿನಲ್ಲಿ ಮಾಡಿದರೆ ಒಳ್ಳೆಯ ಸಾಬೂನೂ ಗುಲಾಬಿ ತೋರಿಸುತ್ತದೆ, ಆದ್ದರಿಂದ ಸ್ಪಿರಿಟ್ ಬೇಕು. ಸ್ಪಿರಿಟ್ ಬೆಂಕಿ ಹಿಡಿಯುವಂಥದು. ಒಲೆಯ ಮೇಲೆ ಇಡದೆ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗಾಗಿಸಬೇಕು. ಪ್ರೌಢಶಾಲೆ ಅಥವಾ ಕಾಲೇಜಿನ ರಸಾಯನಶಾಸ್ತ್ರ ಶಿಕ್ಷಕರ ನೆರವಿನಿಂದ ಅವರ ಪ್ರಯೋಗಾಲಯದಲ್ಲಿಯೇ ಇದನ್ನು ಮಾಡಿಸುವುದು ಸುರಕ್ಷಿತ.

ಪರೀಕ್ಷೆಯಲ್ಲಿ ತಪ್ಪು ಕಂಡಾಗ ಅದರ ಕಾರಣ ತೂಕದ ಪುಸ್ತಕದಿಂದ ಖಚಿತವಾಗಿ ತಿಳಿದರೆ ಮಾತ್ರ ಸಾಬೂನನ್ನು ಸರಿಪಡಿಸಬಹುದು. ಮೇಲಿನ ಉದಾಹರಣೆಯಲ್ಲಿ 174 ಗ್ರಾಂ ಕಾಸ್ಟಿಕ್ ಹಾಕಿದ್ದಾಗಿದೆ. ಶೇ. 5ರ ಸುರಕ್ಷತೆಯೊಡನೆ ಅದಕ್ಕೆ ತಕ್ಕ ಎಣ್ಣೆ ಇರಬೇಕಾದರೆ ಸುಮಾರು 130 ಗ್ರಾಂ ಕೊಬ್ಬರಿ ಎಣ್ಣೆ ಇನ್ನೂ ಸೇರಬೇಕು. ಬಿಲ್ಲೆಗಳನ್ನು ಕೈಗವಸು ಹಾಕಿ ತುರಿದು, ಸ್ವಲ್ಪ ನೀರಿನೊಡನೆ ಮಂದ ಉರಿಯಲ್ಲಿ ಕರಗಿಸಿ, ಆ ಎಣ್ಣೆ ಬೆರೆಸಿ, ಒಂದೇ ಸಮನಾದ ಹದ ಬರುವವರೆಗೆ ಕಾಯಿಸಿ ಮತ್ತೆ ಅಚ್ಚಿಗೆ ಹಾಕಬೇಕು. ಮಾಗಿದ ನಂತರ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು. ಕಾರಣ ತಿಳಿಯದಿದ್ದರೆ ಅದನ್ನು ನೆಲ ತೊಳೆಯಲು ಕೈಗವಸಿನೊಡನೆ ಬಳಸಬಹುದು, ಮೈಗೆ ಬೇಡ.

ಪರೀಕ್ಷೆಯಲ್ಲಿ ಉತ್ತೀರ್ಣವಾದ ಸಾಬೂನೂ ಎಲ್ಲರಿಗೂ ಹೊಂದುತ್ತದೆ ಎನ್ನಲಾಗದು. ಹೊಸ ಬಗೆಯ ಸಾಬೂನನ್ನು ಮೊದಲು ಸಂಘದ ಐದಾರು ವಯಸ್ಕರು ಒಪ್ಪಿ ಮುಂಗೈಯ ಒಳಬದಿಗೆ ನೊರೆ ಹಚ್ಚಿ, ತೊಳೆದು, ಎರಡು ದಿನ ಗಮನಿಸಬೇಕು. ಸಾಬೂನನ್ನು ಉಜ್ಜಿ ಹಾಗೆಯೇ ಕಟ್ಟಿ ಬಿಡಬಾರದು; ಅದು ಒಳ್ಳೆಯ ಸಾಬೂನಿನಿಂದಲೂ ಉರಿ ತರಿಸುತ್ತದೆ. ಹಸುಗೂಸುಗಳಿಗೆ, ಇಸುಬು ಅಥವಾ ಗಾಯ ಇರುವವರಿಗೆ ಕೊಡಬಾರದು.

ಪರವಾನಗಿ: ನೆಂಟರಿಗೆ ಮಾರಿದರೂ ಮಾರಾಟವೇ

ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1940ರಲ್ಲಿ ಕಾಂತಿವರ್ಧಕದ ವ್ಯಾಖ್ಯೆಯಿಂದ ಸಾಬೂನನ್ನು ಮೊದಲು ಹೊರಗಿಡಲಾಗಿತ್ತು. 1982ರ ತಿದ್ದುಪಡಿ ಆ ವಿನಾಯಿತಿಯನ್ನು ತೆಗೆದುಹಾಕಿತು. ಹಾಗಾಗಿ ಮೈಗೆ ಬಳಸುವ ಸಾಬೂನನ್ನು ಮಾರಾಟಕ್ಕಾಗಿ ಅಥವಾ ವಿತರಣೆಗಾಗಿ ತಯಾರಿಸಲು ರಾಜ್ಯ ಔಷಧ ಪರವಾನಗಿ ಪ್ರಾಧಿಕಾರದ ಪರವಾನಗಿ ಅಗತ್ಯ. ಇದರ ಈಗಿನ ವಿಧಿವಿಧಾನಗಳು ಕಾಂತಿವರ್ಧಕಗಳ ನಿಯಮಗಳು, 2020ರಲ್ಲಿವೆ. ಪರಿಚಯದವರಿಗೆ ಹತ್ತು ಬಿಲ್ಲೆ ಮಾರಿದರೆ ಬೇರೆ, ಅಂಗಡಿಗೆ ಕೊಟ್ಟರೆ ಬೇರೆ ಎಂಬ ಭೇದ ಕಾಯ್ದೆಯಲ್ಲಿಲ್ಲ. ಅಂಗಡಿಯವರು ಬೆಲೆ ಬರೆದುಕೊಟ್ಟರೆ ಸಾಕು ಎಂದು ಹೇಳಿದರೂ ಹೊಣೆ ತಯಾರಿಸಿದವರ ಮೇಲೆಯೇ ಉಳಿಯುತ್ತದೆ.

ಪರವಾನಗಿಗೆ ಪ್ರತ್ಯೇಕವಾದ, ಶುಚಿಯಾದ ತಯಾರಿಕಾ ಸ್ಥಳವೂ ನಿಗದಿತ ಅರ್ಹತೆಯ ಮೇಲ್ವಿಚಾರಕರೂ ಬೇಕು. ಅಡುಗೆಮನೆಯಲ್ಲಿ ಇದು ಸಾಧ್ಯವಾಗುವುದಿಲ್ಲ. ಆದ್ದರಿಂದ ಸಂಘಗಳಿಗೆ ಮೂರು ದಾರಿಗಳಿವೆ. ಹಲವು ಸಂಘಗಳು ಸೇರಿ ಒಂದು ಸಾಮಾನ್ಯ ತಯಾರಿಕಾ ಕೊಠಡಿ ಮಾಡಿಕೊಂಡು ಒಂದೇ ಪರವಾನಗಿ ಪಡೆಯಬಹುದು. ಪರವಾನಗಿ ಇರುವ ಇನ್ನೊಬ್ಬ ತಯಾರಕರ ಸ್ಥಳದಲ್ಲಿ ತಮ್ಮ ಸಾಬೂನು ತಯಾರಿಸಿಕೊಳ್ಳಲು ಲೋನ್ ಲೈಸೆನ್ಸ್ ಎಂಬ ವ್ಯವಸ್ಥೆ ಇದೆ. ಇಲ್ಲವೇ ಬಟ್ಟೆ ತೊಳೆಯುವ ಸಾಬೂನು ಅಥವಾ ಊದುಬತ್ತಿಯಿಂದ ಆರಂಭಿಸಬಹುದು. ಇವು ಮೈಗೆ ಹಚ್ಚುವ ವಸ್ತುಗಳಲ್ಲವಾದ್ದರಿಂದ ಕಾಂತಿವರ್ಧಕ ಪರವಾನಗಿ ಬೇಡ, ಪೊಟ್ಟಣದ ನಿಯಮಗಳು ಮಾತ್ರ ಅನ್ವಯಿಸುತ್ತವೆ. ಮೊದಲ ವರ್ಷಕ್ಕೆ ಮೂರನೆಯ ದಾರಿಯೇ ವ್ಯವಹಾರಿಕ: ಅದೇ ತಕ್ಕಡಿ, ಅದೇ ಲೆಕ್ಕ ಕೈಗೆ ಪಳಗುತ್ತದೆ.

ಗರಗದ ಸೊಪ್ಪು, ದಾಸವಾಳ, ಕರಿಬೇವು ಹಾಕಿ ಕಾಯಿಸುವ ತಲೆಎಣ್ಣೆಗೆ ಕಾಸ್ಟಿಕ್‌ನ ಅಪಾಯವಿಲ್ಲ, ಆದರೆ ಅದೂ ಕಾಂತಿವರ್ಧಕವೇ, ಪರವಾನಗಿ ಬೇಕು. ಅಲ್ಲಿ ನೋಡಬೇಕಾದದ್ದು ನೀರು. ಹಸಿ ಸೊಪ್ಪಿನ ತೇವ ಪೂರ್ತಿ ಆರಿ ಚಟಪಟ ಸದ್ದು ನಿಲ್ಲುವ ಮೊದಲೇ ಇಳಿಸಿದರೆ ಬಾಟಲಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಚೀಟಿಯಲ್ಲಿ ಏನಿರಬೇಕು

ಕಾಂತಿವರ್ಧಕ ನಿಯಮಗಳ ಜೊತೆಗೆ ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸಾಮಗ್ರಿ ನಿಯಮಗಳು, 2011 ಸಹ ಅನ್ವಯಿಸುತ್ತವೆ. ಎರಡನ್ನೂ ಸೇರಿಸಿದರೆ ಸಾಬೂನಿನ ಚೀಟಿಯಲ್ಲಿ ವಸ್ತುವಿನ ಹೆಸರು, ತಯಾರಕರ ಹೆಸರು ಮತ್ತು ಪೂರ್ಣ ವಿಳಾಸ, ‘ಎಂ’ ಅಕ್ಷರದೊಡನೆ ತಯಾರಿಕಾ ಪರವಾನಗಿ ಸಂಖ್ಯೆ, ತಯಾರಿಸಿದ ತಿಂಗಳು ಮತ್ತು ವರ್ಷ, ಬಳಸಬೇಕಾದ ಅವಧಿ, ನಿವ್ವಳ ತೂಕ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ನೀಡಲು ದೂರವಾಣಿ, ಪದಾರ್ಥಗಳ ಪಟ್ಟಿ ಮತ್ತು ಅಗತ್ಯ ಎಚ್ಚರಿಕೆ ಇರಬೇಕು. ಈ ಘೋಷಣೆಗಳು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು. ಕನ್ನಡವನ್ನು ಅವುಗಳ ಜೊತೆಗೆ ಹಾಕಬಹುದು. ಕನ್ನಡದಲ್ಲಿ ಮಾತ್ರ ಮುದ್ರಿಸಿದ ಚೀಟಿ ನಿಯಮಕ್ಕೆ ಸಾಲದು ಎಂಬುದು ಹಲವು ಸಂಘಗಳಿಗೆ ಮುದ್ರಣವಾದ ಮೇಲೆ ತಿಳಿಯುತ್ತದೆ.

ತೂಕದ ವಿಷಯದಲ್ಲಿ ಎಚ್ಚರ ಬೇಕು. ಕತ್ತರಿಸಿದ ದಿನ 100 ಗ್ರಾಂ ತೂಗಿದ ಬಿಲ್ಲೆ ಮಾಗಿದ ಮೇಲೆ 87 ಗ್ರಾಂ ಸಮೀಪಕ್ಕೆ ಇಳಿಯುತ್ತದೆ. 100 ಗ್ರಾಂ ಎಂದು ಮಾರಬೇಕಾದರೆ 115 ಗ್ರಾಂಗೆ ಕತ್ತರಿಸಬೇಕು, ಪೊಟ್ಟಣ ಕಟ್ಟುವ ದಿನ ಮತ್ತೆ ತೂಗಬೇಕು. ಸಾಬೂನು ಪೊಟ್ಟಣದೊಳಗೂ ಸ್ವಲ್ಪ ಆರುವುದರಿಂದ ‘ಪೊಟ್ಟಣ ಕಟ್ಟಿದಾಗಿನ ತೂಕ’ ಎಂದು ನಮೂದಿಸಲು ಅವಕಾಶವಿದೆ.

ಪದಾರ್ಥಗಳನ್ನು ಹಾಕಿದ ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವು ಕೊನೆಯಲ್ಲಿ ಯಾವ ಕ್ರಮದಲ್ಲಿಯಾದರೂ ಇರಬಹುದು. ನಮ್ಮ ಮಿಶ್ರಣಕ್ಕೆ ಅದು ಹೀಗಾಗುತ್ತದೆ: ಕೊಬ್ಬರಿ ಎಣ್ಣೆ, ಪಾಮ್ ಎಣ್ಣೆ, ನೀರು, ಕುಸುಬೆ ಎಣ್ಣೆ, ಸೋಡಿಯಂ ಹೈಡ್ರಾಕ್ಸೈಡ್, ಬೇವಿನ ಎಣ್ಣೆ, ಸುವಾಸನೆ. ಪಾಮ್ ಎಣ್ಣೆಯೂ ನೀರೂ 300 ಗ್ರಾಂ ಸಮನಾಗಿವೆ, ಯಾವುದು ಮೊದಲಾದರೂ ಸರಿ. ಬೇವು 100 ಗ್ರಾಂ ಇದ್ದು ಕಾಸ್ಟಿಕ್ 149 ಗ್ರಾಂ ಇರುವುದರಿಂದ ಚೀಟಿಯ ಮುಂಭಾಗದಲ್ಲಿ ‘ಬೇವಿನ ಸಾಬೂನು’ ಎಂದಿದ್ದರೂ ಪಟ್ಟಿಯಲ್ಲಿ ಬೇವು ಕಾಸ್ಟಿಕ್‌ನ ನಂತರ ಬರುತ್ತದೆ. ಇದನ್ನು ಮುಚ್ಚಿಡಲು ಯತ್ನಿಸಬಾರದು. ‘ರಾಸಾಯನಿಕ ರಹಿತ’ ಎಂದು ಬರೆಯುವುದಂತೂ ಸುಳ್ಳಾಗುತ್ತದೆ. ಕಾಸ್ಟಿಕ್ ಇಲ್ಲದೆ ಸಾಬೂನಾಗದು.

‘ಕಜ್ಜಿ, ತುರಿಕೆ, ಮೊಡವೆ ವಾಸಿಯಾಗುತ್ತದೆ’ ಎಂದು ಬರೆದರೆ ವಸ್ತು ಔಷಧದ ವರ್ಗಕ್ಕೆ ಸೇರಿ ಬೇರೆಯ ಪರವಾನಗಿ ಬೇಕಾಗುತ್ತದೆ. ‘ಆಯುರ್ವೇದಿಕ’ ಎಂಬ ಪದಕ್ಕೂ ಆಯುರ್ವೇದ ಔಷಧ ತಯಾರಿಕೆಯ ಪರವಾನಗಿ ಬೇಕು. ‘ಬೇವಿನ ಎಣ್ಣೆ ಸೇರಿಸಿದ ಮೈಸಾಬೂನು’ ಎನ್ನುವುದರಲ್ಲಿ ತೊಂದರೆಯಿಲ್ಲ. ಎಚ್ಚರಿಕೆಯ ಸಾಲು ಸರಳವಾಗಿರಲಿ: ‘ಹೊರಬಳಕೆಗೆ ಮಾತ್ರ. ಕಣ್ಣಿಗೆ ತಾಗಿದರೆ ನೀರಿನಿಂದ ತೊಳೆಯಿರಿ. ಉರಿ ಅಥವಾ ಕೆಂಪು ಕಂಡರೆ ಬಳಕೆ ನಿಲ್ಲಿಸಿ.’

ತಯಾರಿಕೆಯ ಪುಸ್ತಕ

ಸಾಬೂನಿನ ಮೇಲೆ ಬ್ಯಾಚ್ ಸಂಖ್ಯೆಯ ಬದಲು ತಯಾರಿಕೆಯ ತಿಂಗಳು ಮತ್ತು ವರ್ಷ ಹಾಕಿದರೆ ಸಾಕೆಂದು ನಿಯಮ ಹೇಳುತ್ತದೆ. ಆದರೆ ಒಂದು ಸಂಘ ತಿಂಗಳಿಗೆ ಎಂಟು ಹತ್ತು ಬಾರಿ ತಯಾರಿಸಿದರೆ ತಿಂಗಳ ಹೆಸರಿನಿಂದ ಯಾವ ತಯಾರಿಕೆ ಎಂದು ತಿಳಿಯುವುದಿಲ್ಲ. ಆದ್ದರಿಂದ ತಮ್ಮದೇ ಒಂದು ಕ್ರಮಸಂಖ್ಯೆಯನ್ನೂ ಚೀಟಿಯ ಮೂಲೆಯಲ್ಲಿ ಮುದ್ರಿಸಬೇಕು. ಅದೇ ಸಂಖ್ಯೆಯಡಿ ಪುಸ್ತಕದಲ್ಲಿ ದಿನಾಂಕ, ಪ್ರತಿ ಎಣ್ಣೆಯ ತೂಕ, ಅದನ್ನು ಎಲ್ಲಿ ಕೊಂಡದ್ದು, ಕಾಸ್ಟಿಕ್ ಮತ್ತು ನೀರಿನ ತೂಕ, ಸುವಾಸನೆಯ ಹೆಸರು, ಪಿಎಚ್ ಮತ್ತು ಫಿನಾಲ್ಫ್ತಲೀನ್ ಪರೀಕ್ಷೆಯ ಫಲ, ತೂಗಿದವರ ಸಹಿ, ಬಿಲ್ಲೆಗಳು ಹೋದ ಅಂಗಡಿ ಇವಿಷ್ಟನ್ನು ಬರೆದಿಡಬೇಕು. ತೂಕವನ್ನು ಒಬ್ಬರು ಓದಿ ಹೇಳಿ ಇನ್ನೊಬ್ಬರು ನೋಡಿ ಬರೆಯುವುದು ಒಳ್ಳೆಯದು. ಪ್ರತಿ ತಯಾರಿಕೆಯಿಂದ ಎರಡು ಬಿಲ್ಲೆಗಳನ್ನು ಸಂಖ್ಯೆ ಬರೆದು, ಚೀಟಿಯಲ್ಲಿ ಹೇಳಿದ ಬಳಕೆಯ ಅವಧಿ ಮುಗಿಯುವವರೆಗೆ ಕಾದಿರಿಸಬೇಕು.

ಬಳಸಿದವರು ಉರಿಯೆಂದು ದೂರಿದಾಗ ಮೊದಲು ಅವರ ಬಳಿಯಿರುವ ಬಿಲ್ಲೆಯ ಸಂಖ್ಯೆ ಕೇಳಿ, ಅದೇ ಸಂಖ್ಯೆಯ ಮಾರಾಟವನ್ನು ಎಲ್ಲ ಅಂಗಡಿಗಳಲ್ಲಿ ಅಂದೇ ನಿಲ್ಲಿಸಬೇಕು. ಕಾದಿರಿಸಿದ ಬಿಲ್ಲೆಯನ್ನು ಮತ್ತೆ ಪರೀಕ್ಷಿಸಬೇಕು. ಗುಲಾಬಿ ಬಣ್ಣ ಬಂದರೆ ತಪ್ಪು ತೂಕದ್ದು. ಪುಸ್ತಕದ ಆ ಪುಟದಲ್ಲಿ ಕಾರಣ ಸಿಗುತ್ತದೆ, ಆ ಸಂಖ್ಯೆಯ ಎಲ್ಲ ಬಿಲ್ಲೆಗಳನ್ನು ಹಿಂದಕ್ಕೆ ಪಡೆಯಬೇಕು. ಬಣ್ಣ ಬಾರದೆ ಒಬ್ಬರಿಗೆ ಮಾತ್ರ ತೊಂದರೆಯಾಗಿದ್ದರೆ ಅದು ಸುವಾಸನೆಯ ಅಥವಾ ಬೇವಿನ ಅಲರ್ಜಿ ಇರಬಹುದು. ಅವರಿಗೆ ಪದಾರ್ಥಗಳ ಪಟ್ಟಿಯನ್ನು ಕೊಟ್ಟು ಚರ್ಮವೈದ್ಯರಿಗೆ ತೋರಿಸಲು ಹೇಳಬೇಕು. ಬೇರೆ ಬೇರೆ ಸಂಖ್ಯೆಗಳ ಬಿಲ್ಲೆಗಳಿಂದ ಇಬ್ಬರು ಮೂವರು ದೂರಿದರೆ ಮೊದಲು ಸುವಾಸನೆಯನ್ನು ಬಿಟ್ಟು ಒಂದು ತಯಾರಿಕೆ ಮಾಡಿ ನೋಡಬೇಕು.